ಹತ್ತು ಟನ್ ಮೆಕ್ಕೆಜೋಳದ ಒಂದು ತೂಕದ ಚೀಟಿ: ಚೀಲದ ತೂಕ, ತೇವಾಂಶದ ಕಡಿತ ಮತ್ತು ರೈತರಿಗೆ ಸಲ್ಲಬೇಕಾದ ಹಣ

2024ರ ಡಿಸೆಂಬರ್‌ನಲ್ಲಿ ಹಾವೇರಿ ಜಿಲ್ಲೆಯ ರೈತರೊಬ್ಬರು ತಮ್ಮ ಮುಂಗಾರು ಮೆಕ್ಕೆಜೋಳವನ್ನು 170 ಚೀಲಗಳಲ್ಲಿ ತುಂಬಿ, ಆರು ಚಕ್ರದ ಲಾರಿಯೊಂದರಲ್ಲಿ ಖಾಸಗಿ ಖರೀದಿದಾರರ ಗೋದಾಮಿಗೆ ಸಾಗಿಸಿದರು. ಶೇ. 14 ತೇವಾಂಶದ ಮಾಲಿಗೆ ಕ್ವಿಂಟಲ್‌ಗೆ 2,200 ರೂಪಾಯಿ ಎಂದು ಫೋನಿನಲ್ಲೇ ದರ ನಿಗದಿಯಾಗಿತ್ತು. ಆ ವರ್ಷದ ಕನಿಷ್ಠ ಬೆಂಬಲ ಬೆಲೆ 2,225 ರೂಪಾಯಿ ಇದ್ದುದರಿಂದ ದರದ ಬಗ್ಗೆ ಅವರಿಗೆ ದೊಡ್ಡ ತಕರಾರೇನೂ ಇರಲಿಲ್ಲ. ತೇವಾಂಶ ಹೆಚ್ಚಿದ್ದರೆ "ಕಡಿತ ಆಗುತ್ತದೆ" ಎಂಬ ಮಾತೂ ಆಗಿತ್ತು, ಆದರೆ ಎಷ್ಟಕ್ಕೆ ಎಷ್ಟು ಕಡಿತ ಎಂಬುದನ್ನು ಎರಡೂ ಕಡೆಯವರು ಹೇಳಿರಲಿಲ್ಲ, ಕೇಳಿರಲೂ ಇಲ್ಲ. ಸಂಜೆ ಕೈಗೆ ಬಂದ ಚೀಟಿಯಲ್ಲಿ ಕೊನೆಯ ಮೊತ್ತ ಅವರು ಎಣಿಸಿದ್ದಕ್ಕಿಂತ ಸಾಕಷ್ಟು ಕಡಿಮೆ ಇತ್ತು. ರೈತ ಉತ್ಪಾದಕರ ಗುಂಪೊಂದರ ಲೆಕ್ಕಪತ್ರ ನೋಡುವ ನನ್ನ ಬಳಿಗೆ ಆ ಚೀಟಿ ಬಂದದ್ದು ಹಾಗೆ. ರೈತರ ಹೆಸರನ್ನೂ ಖರೀದಿದಾರರ ಹೆಸರನ್ನೂ ಇಲ್ಲಿ ಬಿಟ್ಟಿದ್ದೇನೆ.

ಚೀಟಿಯಲ್ಲಿ ಇದ್ದದ್ದು ಇಷ್ಟು:

ತುಂಬಿದ ಲಾರಿ (ಬೆಳಿಗ್ಗೆ 11:42) – 16,480 ಕೆಜಿ
ಖಾಲಿ ಲಾರಿ (ಮಧ್ಯಾಹ್ನ 3:05) – 6,260 ಕೆಜಿ
ನಿವ್ವಳ – 10,220 ಕೆಜಿ
ಚೀಲ 170 – ಕಡಿತ 170 ಕೆಜಿ
ತೇವ 18 – ಕಡಿತ 603 ಕೆಜಿ
ಲೆಕ್ಕಕ್ಕೆ ಹಿಡಿದ ತೂಕ – 9,447 ಕೆಜಿ
ಮೊತ್ತ, 2,200ರ ದರದಲ್ಲಿ – ರೂ. 2,07,834
ಒಣಗಿಸುವ ಖರ್ಚು – ರೂ. 2,010
ಹಮಾಲಿ – ರೂ. 1,360
ಕಾಟಾ – ರೂ. 150
ಕೊಡಬೇಕಾದ ಹಣ – ರೂ. 2,04,314

ರೈತರ ಅನುಮಾನವೆಲ್ಲ ತೇವಾಂಶ ಅಳೆಯುವ ಯಂತ್ರದ ಮೇಲಿತ್ತು. ಎರಡು ವಾರ ಕಣದಲ್ಲಿ ಒಣಗಿಸಿದ ಕಾಳು ಹದಿನೆಂಟು ತೋರಿಸುವುದಾದರೂ ಹೇಗೆ, ಮಷಿನ್ನೇ ಸರಿಯಿಲ್ಲ ಎಂಬುದು ಅವರ ವಾದ. ಇಂಥ ಚೀಟಿಗಳನ್ನು ತರುವ ಹೆಚ್ಚಿನವರು ಮೊದಲು ಬೆರಳಿಡುವುದು ಇದೇ ಸಾಲಿನ ಮೇಲೆ. ಈ ಪ್ರಕರಣದಲ್ಲಿ ಮಾತ್ರ ಅತಿ ಹೆಚ್ಚು ಹಣ ಹೋದದ್ದು ಯಾರೂ ಪ್ರಶ್ನಿಸದ ಚೀಲದ ಸಾಲಿನಲ್ಲಿ. ತೇವಾಂಶದ ಸಾಲಿನಲ್ಲೂ ತಪ್ಪಿತ್ತು ನಿಜ, ಆದರೆ ಅದು ಯಂತ್ರದ ತಪ್ಪು ಎಂದು ಹೇಳಲು ನಮ್ಮ ಕೈಯಲ್ಲಿ ಆಧಾರವಿರಲಿಲ್ಲ.

ಚೀಟಿಯಲ್ಲಿ ಕೂಡಿ ಕಳೆಯುವ ಲೆಕ್ಕ ಎಲ್ಲೂ ತಪ್ಪಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಪ್ರತಿ ಸಾಲನ್ನೂ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದರೆ ಮೊತ್ತ ಪೈಸೆಯಷ್ಟೂ ಆಚೀಚೆಯಾಗದೆ ಹೊಂದುತ್ತಿತ್ತು. ಅದರಿಂದ ಪ್ರಶ್ನೆ ಲೆಕ್ಕದ್ದಲ್ಲ, ಲೆಕ್ಕಕ್ಕೆ ಹಾಕಿದ ಅಂಕಿಗಳದ್ದು: 170 ಎಲ್ಲಿಂದ ಬಂತು, 603 ಎಲ್ಲಿಂದ ಬಂತು, 2,010 ಯಾವುದಕ್ಕೆ.

ಲಾರಿಯ ಎರಡು ತೂಕಗಳು

ನಿವ್ವಳ ತೂಕವೆಂದರೆ ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕವನ್ನು ಕಳೆದದ್ದು, ಅಷ್ಟೇ. ಆದರೆ ಅದರೊಳಗೆ ಒಂದು ಮಾತು ಅಡಗಿದೆ. ಮೊದಲ ಬಾರಿ ಲಾರಿಯ ಮೇಲಿದ್ದು ಎರಡನೆಯ ಬಾರಿ ಇಲ್ಲದ್ದೆಲ್ಲವೂ ಮಾಲು ಎಂದೇ ಲೆಕ್ಕಕ್ಕೆ ಬರುತ್ತದೆ. ಎರಡೂ ಬಾರಿ ಲಾರಿಯ ಮೇಲೇ ಇದ್ದದ್ದು ತಾನಾಗಿಯೇ ಕಳೆದುಹೋಗುತ್ತದೆ. ತಾಡಪಾಲು, ಹಗ್ಗ, ಸ್ಟೆಪ್ನಿ, ಡ್ರೈವರ್ ಎರಡೂ ತೂಕದಲ್ಲಿ ಇದ್ದರೆ ಚಿಂತೆಯಿಲ್ಲ. ಮೊದಲ ತೂಕದಲ್ಲಿ ಕ್ಲೀನರ್ ಲಾರಿಯಲ್ಲಿ ಕುಳಿತಿದ್ದು ಎರಡನೆಯದರಲ್ಲಿ ಇಳಿದಿದ್ದರೆ ಅವನ ಅರವತ್ತು ಕೆಜಿ ಮೆಕ್ಕೆಜೋಳವಾಗಿ ರೈತರ ಖಾತೆಗೆ ಸೇರುತ್ತದೆ. ತಿರುಗಾಮುರುಗಾ ಆದರೆ ಅಷ್ಟೇ ತೂಕ ರೈತರಿಗೆ ನಷ್ಟ.

ಈ ಚೀಟಿಯಲ್ಲಿ ಎರಡು ತೂಕಗಳ ನಡುವೆ ಮೂರು ಗಂಟೆಗೂ ಹೆಚ್ಚು ಅಂತರವಿದೆ. ಇದು ಒಳ್ಳೆಯ ಲಕ್ಷಣ. ಕೆಲವು ಕಡೆ ಖಾಲಿ ಲಾರಿಯನ್ನು ಮತ್ತೆ ತೂಗದೆ, ಹಿಂದೆ ಯಾವಾಗಲೋ ತೂಗಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡ ಅಂಕಿಯನ್ನೇ ಹಾಕಿಬಿಡುತ್ತಾರೆ. ಆಗ ಎರಡೂ ತೂಕದ ಸಮಯ ಒಂದೇ ಆಗಿರುತ್ತದೆ, ಇಲ್ಲವೇ ಖಾಲಿ ತೂಕದ ಎದುರು ಸಮಯವೇ ಇರುವುದಿಲ್ಲ. ಇಲ್ಲಿ ಲಾರಿಯನ್ನು ನಿಜವಾಗಿಯೂ ಎರಡು ಸಲ ತೂಗಿದ್ದರು.

ವೇಬ್ರಿಡ್ಜಿನ ನಿಖರತೆಯ ಬಗ್ಗೆಯೂ ರೈತರಿಗೆ ಸಂಶಯವಿತ್ತು. ಇಂಥ ಕಾಟಾಗಳನ್ನು ಕಾನೂನು ಮಾಪನಶಾಸ್ತ್ರ ಇಲಾಖೆ 12 ತಿಂಗಳಿಗೊಮ್ಮೆ ಪರಿಶೀಲಿಸಿ ಮುದ್ರೆ ಹಾಕಬೇಕು. ಅದರ ಪ್ರಮಾಣಪತ್ರ ಕಾಟಾ ಕೋಣೆಯ ಗೋಡೆಯ ಮೇಲಿತ್ತು, ಅವಧಿಯೂ ಮುಗಿದಿರಲಿಲ್ಲ. ಕಾಟಾ ಹತ್ತು ಹತ್ತು ಕೆಜಿಯ ಮೆಟ್ಟಿಲಿನಲ್ಲಿ ತೂಕ ತೋರಿಸುತ್ತಿದ್ದುದರಿಂದ ಪ್ರತಿ ತೂಕದಲ್ಲಿ ಐದು ಕೆಜಿ, ಎರಡೂ ಸೇರಿ ಹೆಚ್ಚೆಂದರೆ ಹತ್ತು ಕೆಜಿ ಆಚೀಚೆ ಆಗಬಹುದು. ಹಣದಲ್ಲಿ ಅದು 220 ರೂಪಾಯಿ, ಅದೂ ಯಾರ ಪರವಾಗಿಯಾದರೂ ಇರಬಹುದು. ಹೀಗಾಗಿ 10,220 ಕೆಜಿಯನ್ನು ನಾವು ಹಾಗೆಯೇ ಒಪ್ಪಿಕೊಂಡೆವು.

ಚೀಲದ 170 ಕೆಜಿ

ಚೀಲ 170, ಕಡಿತವೂ 170 ಕೆಜಿ. ಅಂದರೆ ಚೀಲಕ್ಕೆ ಒಂದು ಕೆಜಿ. ನೋಡಲು ಬಹಳ ಸಹಜವಾಗಿ ಕಾಣುವ ಅಂಕಿ ಇದು, ಬಹುಶಃ ಅದಕ್ಕೇ ಯಾರ ಕಣ್ಣೂ ಅಲ್ಲಿ ನಿಲ್ಲುವುದಿಲ್ಲ.

ಒಂದು ಕೆಜಿಯ ಲೆಕ್ಕಕ್ಕೆ ಅದರದೇ ಕಾರಣವಿದೆ. ನೂರು ಕೆಜಿ ಕಾಳು ಹಿಡಿಯುವ ದಪ್ಪ ಗೋಣಿಚೀಲ ನಿಜಕ್ಕೂ ಒಂದು ಕೆಜಿಗಿಂತ ತುಸು ಹೆಚ್ಚೇ ತೂಗುತ್ತದೆ. ಆ ವರ್ಗದ ಹೊಸ ಚೀಲದ ಪ್ರಮಾಣಿತ ತೂಕ 1,020 ಗ್ರಾಂ. ಸರ್ಕಾರಿ ಖರೀದಿಯಲ್ಲಿ ಬಳಸುವ 50 ಕೆಜಿಯ ಗೋಣಿಚೀಲದ ಪ್ರಮಾಣಿತ ತೂಕ 580 ಗ್ರಾಂ. ಆದರೆ ಈ ರೈತರು ತುಂಬಿದ್ದು ಗೋಣಿಯಲ್ಲಲ್ಲ, ಪ್ಲಾಸ್ಟಿಕ್ ಎಳೆಯಿಂದ ನೇಯ್ದ ಬಿಳಿ ಚೀಲಗಳಲ್ಲಿ. ಮನೆಯಲ್ಲಿದ್ದ ಅವೇ ಚೀಲಗಳಲ್ಲಿ ಹತ್ತನ್ನು ಒಟ್ಟಿಗೆ ಕಟ್ಟಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟಾಗ 1.2 ಕೆಜಿ ಬಂತು. ಒಂದೊಂದೇ ಚೀಲ ತೂಗಿದರೆ ಚಿಕ್ಕ ತಕ್ಕಡಿಯಲ್ಲೂ ಅಂಕಿ ಅಲುಗಾಡುತ್ತದೆ. ಹತ್ತನ್ನು ಕೂಡಿಸಿ ತೂಗಿ ಭಾಗಿಸುವುದು ಭರವಸೆಯ ದಾರಿ. ಚೀಲಕ್ಕೆ 120 ಗ್ರಾಂ ಎಂದರೆ 170 ಚೀಲಕ್ಕೆ 20.4 ಕೆಜಿ. ಕಳೆದಿದ್ದು 170.

ಇಷ್ಟಕ್ಕೇ ನಿಂತಿದ್ದರೆ ಹೆಚ್ಚುವರಿ ಕಡಿತ ಸುಮಾರು 150 ಕೆಜಿ ಎಂದು ಬರೆದು ಮುಗಿಸಬಹುದಿತ್ತು. ಆದರೆ ಮಾತಿನ ನಡುವೆ ರೈತರು, ಆ ಹತ್ತು ಚೀಲಗಳು ಅದೇ ಲಾರಿಯಲ್ಲಿ ಹೋಗಿ ಬಂದವು ಎಂದರು. ಚೀಲ ಅವರ ಸ್ವಂತದ್ದು. ಮಾಲಿನಲ್ಲಿ ತೇವವಿದ್ದುದರಿಂದ ಗೋದಾಮಿನವರು ಚೀಲ ಬಿಚ್ಚಿ ಕಾಳನ್ನು ಕಣದಲ್ಲಿ ಸುರಿಸಿಕೊಂಡಿದ್ದರು, ಹಮಾಲರು ಖಾಲಿ ಚೀಲಗಳನ್ನು ಕಟ್ಟು ಕಟ್ಟಿ ಮತ್ತೆ ಲಾರಿಗೆ ಎಸೆದಿದ್ದರು. ಆಮೇಲೆ ಲಾರಿ ಕಾಟಾಕ್ಕೆ ಬಂದಿತ್ತು.

ಹಾಗಿದ್ದರೆ 6,260 ಕೆಜಿ ಖಾಲಿ ತೂಕದೊಳಗೆ 170 ಚೀಲಗಳೂ ಸೇರಿವೆ. ತುಂಬಿದ ಲಾರಿಯಲ್ಲಿದ್ದ ಚೀಲಗಳ ತೂಕ ಖಾಲಿ ಲಾರಿಯ ತೂಕದ ಜೊತೆಯಲ್ಲೇ ಕಳೆದುಹೋಗಿದೆ, 10,220 ಎಂಬುದು ಬರೀ ಕಾಳಿನ ತೂಕ. ಅದರಿಂದ ಚೀಲದ ಹೆಸರಿನಲ್ಲಿ ಮತ್ತೆ ಕಳೆಯಲು ಏನೂ ಉಳಿದಿಲ್ಲ. ಸರಿಯಾದ ಕಡಿತ 20.4 ಕೆಜಿಯೂ ಅಲ್ಲ, ಸೊನ್ನೆ.

ಇದನ್ನು ಬರೀ ಬಾಯಿಮಾತಿನಿಂದ ಸಾಧಿಸಲು ಆಗುವುದಿಲ್ಲ. ಚೀಲಗಳನ್ನು ಕೊಟ್ಟದ್ದು ಖಾಲಿ ತೂಕ ಮುಗಿದ ಮೇಲೆ ಎಂದು ಎದುರಿನವರು ಹೇಳಬಹುದಲ್ಲ. ನಮ್ಮ ಬಳಿ ಎರಡು ಆಧಾರಗಳಿದ್ದವು. ಅದೇ ಲಾರಿ ಬೇರೆ ದಿನ, ಬೇರೆ ಮಾಲಿಗೆ, ಅದೇ ಕಾಟಾದಲ್ಲಿ ಪೂರ್ತಿ ಖಾಲಿಯಾಗಿ ತೂಗಿದ ಚೀಟಿ ಡ್ರೈವರ್ ಬಳಿ ಇತ್ತು, ಅದರಲ್ಲಿ 6,240 ಇತ್ತು. ಇಪ್ಪತ್ತು ಕೆಜಿಯ ವ್ಯತ್ಯಾಸ ಚೀಲಗಳ ತೂಕಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೂ ನಾನು ಅದನ್ನು ಸಾಕ್ಷಿಯೆಂದು ಮುಂದಿಡಲಿಲ್ಲ, ಏಕೆಂದರೆ ಟ್ಯಾಂಕಿನಲ್ಲಿ ಇಪ್ಪತ್ತೈದು ಲೀಟರ್ ಡೀಸೆಲ್ ಹೆಚ್ಚಿದ್ದರೂ ಅಷ್ಟೇ ವ್ಯತ್ಯಾಸ ಬರುತ್ತದೆ. ಗಟ್ಟಿ ಆಧಾರ ಗೇಟ್ ಪಾಸ್. ಕಾಟಾ ಇರುವುದು ಗೇಟಿನ ಪಕ್ಕದಲ್ಲಿ, ಚೀಲ ಬಿಚ್ಚಿದ ಕಣ ಇರುವುದು ಗೋದಾಮಿನ ಹಿಂಭಾಗದಲ್ಲಿ. ಖಾಲಿ ತೂಕ 3:05ಕ್ಕೆ ಆಗಿದೆ, ಲಾರಿ ಹೊರಗೆ ಹೋದದ್ದು 3:09ಕ್ಕೆ ಎಂದು ಗೇಟ್ ಪಾಸಿನಲ್ಲಿದೆ. ನಾಲ್ಕು ನಿಮಿಷದಲ್ಲಿ ಲಾರಿ ಹಿಂದಕ್ಕೆ ಹೋಗಿ, 170 ಚೀಲ ಏರಿಸಿಕೊಂಡು, ಗೇಟಿಗೆ ಮರಳುವುದು ಸಾಧ್ಯವಿಲ್ಲ.

ಈ ಒಂದು ಸಾಲಿನ ಬೆಲೆ ತಿಳಿಯಲು 170 ಕೆಜಿಯನ್ನು ನೇರವಾಗಿ ದರದಿಂದ ಗುಣಿಸಬಾರದು. ಆ ತೂಕ ಉಳಿದಿದ್ದರೆ ಅದರ ಮೇಲೂ ಚೀಟಿಯ 603 ಕೆಜಿಯ ಪ್ರಮಾಣದಲ್ಲೇ, ಅಂದರೆ ಶೇ. 6ರಂತೆ, ತೇವಾಂಶದ ಕಡಿತ ಬೀಳುತ್ತಿತ್ತು. ಹಾಗಾಗಿ 159.8 ಕೆಜಿ, ಕೆಜಿಗೆ 22 ರೂಪಾಯಿಯಂತೆ 3,515 ರೂಪಾಯಿ 60 ಪೈಸೆ. ಒಂದು ವೇಳೆ ಚೀಲಗಳು ಗೋದಾಮಿನಲ್ಲೇ ಉಳಿದಿದ್ದರೂ ನ್ಯಾಯವಾಗಿ ಕಳೆಯಬೇಕಾಗಿದ್ದದ್ದು ಸುಮಾರು 422 ರೂಪಾಯಿಯಷ್ಟು ಮಾತ್ರ.

ತೇವಾಂಶದ 603 ಕೆಜಿ

ಚೀಟಿಯಲ್ಲಿ "ತೇವ 18" ಎಂದೂ "603" ಎಂದೂ ಇತ್ತೇ ಹೊರತು ಒಂದರಿಂದ ಇನ್ನೊಂದು ಹೇಗೆ ಬಂತು ಎಂಬುದು ಇರಲಿಲ್ಲ. ಇಂಥಲ್ಲಿ ಹಿಂದಿನಿಂದ ಲೆಕ್ಕ ಹಿಡಿಯಬೇಕಾಗುತ್ತದೆ. ಚೀಲ ಕಳೆದ ಮೇಲಿನ ತೂಕ 10,050; ಅದರಲ್ಲಿ 603 ಎಂದರೆ ಸರಿಯಾಗಿ ಶೇ. 6. ಹದಿನೆಂಟರಲ್ಲಿ ಹದಿನಾಲ್ಕು ಹೋದರೆ ನಾಲ್ಕು ಅಂಶ. ನಾಲ್ಕು ಅಂಶಕ್ಕೆ ಶೇ. 6 ಎಂದರೆ ಒಂದಕ್ಕೆ ಒಂದೂವರೆಯ ಪ್ರಮಾಣ. ಚೀಲದ ತೂಕವನ್ನು ಮೊದಲು ಕಳೆದು, ತೇವಾಂಶವನ್ನು ಆಮೇಲೆ ಕಳೆದಿರುವ ಕ್ರಮ ಸರಿಯಾಗಿಯೇ ಇದೆ; ತಲೆಕೆಳಗು ಮಾಡಿದ್ದರೆ ಚೀಲದ ತೂಕದ ಮೇಲೂ ತೇವಾಂಶ ಕಳೆದು ಇನ್ನೂ ಹತ್ತು ಕೆಜಿ ಹೋಗುತ್ತಿತ್ತು.

ಒಂದಕ್ಕೆ ಒಂದೂವರೆ ನ್ಯಾಯವೋ ಅಲ್ಲವೋ ಎಂದು ಹೇಳುವ ಮೊದಲು ಕಾಳು ಒಣಗಿದಾಗ ತೂಕ ನಿಜವಾಗಿ ಎಷ್ಟು ಇಳಿಯುತ್ತದೆ ಎಂಬುದನ್ನು ನೋಡಬೇಕು. ಶೇ. 18 ತೇವಾಂಶವಿರುವ ನೂರು ಕೆಜಿ ಮೆಕ್ಕೆಜೋಳದಲ್ಲಿ ನೀರು 18 ಕೆಜಿ, ಒಣ ಪದಾರ್ಥ 82 ಕೆಜಿ. ಒಣಗಿಸಿದಾಗ ನೀರು ಹೋಗುತ್ತದೆ, 82 ಕೆಜಿ ಒಣ ಪದಾರ್ಥ ಹಾಗೇ ಇರುತ್ತದೆ. ತೇವಾಂಶ 14ಕ್ಕೆ ಇಳಿದಾಗ ಆ 82 ಕೆಜಿ ಒಟ್ಟು ತೂಕದ ಶೇ. 86 ಆಗಿರಬೇಕು. ಆದ್ದರಿಂದ ಉಳಿಯುವ ತೂಕ 82 ಭಾಗಿಸು 0.86, ಅಂದರೆ 95.35 ಕೆಜಿ. ನಾಲ್ಕು ಅಂಶ ಇಳಿದಾಗ ತೂಕ ಇಳಿಯುವುದು ನಾಲ್ಕು ಕೆಜಿಯಲ್ಲ, 4.65 ಕೆಜಿ. ಸೂತ್ರವಾಗಿ ಬರೆಯುವುದಾದರೆ:

```
ಒಣ ತೂಕ = ತೂಕ × (100 − ಅಳೆದ ತೇವಾಂಶ) ÷ (100 − 14)
```

ಇದರಂತೆ ಹದಿನಾಲ್ಕರ ಮೇಲಿನ ಪ್ರತಿ ಒಂದು ಅಂಶಕ್ಕೆ ತೂಕ ಶೇ. 1.16ರಷ್ಟು ಇಳಿಯುತ್ತದೆ. ಒಂದಕ್ಕೆ ಒಂದು ಕಳೆದರೆ ಖರೀದಿದಾರರಿಗೆ ಸ್ವಲ್ಪ ನಷ್ಟ. ರೈತರು ಇದನ್ನೇ ನ್ಯಾಯವೆಂದು ವಾದಿಸುವುದುಂಟು, ಆದರೆ ನೀರಿನ ಲೆಕ್ಕ ಅವರ ಪರವಾಗಿಲ್ಲ. ಒಂದಕ್ಕೆ ಒಂದೂವರೆ ಕಳೆದರೆ ನೀರಿಗಿಂತ ಹೆಚ್ಚಾಗಿ ಕಳೆದಂತೆ, ಆ ಹೆಚ್ಚುವರಿ ಭಾಗ ಕಣ, ಕೂಲಿ, ಹಾರಿಹೋಗುವ ಹೊಟ್ಟು ಮತ್ತು ಪುಡಿ ಇವುಗಳ ಬಾಬ್ತು. ಅಂದರೆ ಒಣಗಿಸುವ ಖರ್ಚು ಒಂದೂವರೆಯೊಳಗೇ ಸೇರಿಕೊಂಡಿದೆ. ಇದು ನೆನಪಿನಲ್ಲಿರಬೇಕು, ಏಕೆಂದರೆ ಚೀಟಿಯ ಕೆಳಗೆ ಒಣಗಿಸುವ ಖರ್ಚು ಎಂದು ಮತ್ತೊಂದು ಸಾಲಿದೆ.

ಅದಕ್ಕೆ ಮೊದಲು 18 ಎಂಬ ಅಂಕಿ. ಗೇಟ್ ಪಾಸಿನ ಹಿಂಬದಿಯಲ್ಲಿ, ಮಾದರಿ ತೆಗೆದ ಹುಡುಗ ಪೆನ್ಸಿಲ್ಲಿನಲ್ಲಿ ಮೂರು ಅಂಕಿ ಬರೆದಿದ್ದ: 17.9, 17.4, 17.5. ಸರಾಸರಿ 17.6. ಕಂಪ್ಯೂಟರಿಗೆ ಹೋಗುವಾಗ ಅದು 18 ಆಗಿದೆ. ದಶಾಂಶವನ್ನು ಮೇಲಕ್ಕೆ ಏರಿಸುವ ಈ ಪದ್ಧತಿ ಸಣ್ಣದೆಂದು ಕಾಣಬಹುದು, ಆದರೆ ಈ ಲಾರಿಯಲ್ಲಿ 0.4 ಅಂಶದ ಬೆಲೆ 61 ಕೆಜಿ ಕಾಳು, ಹಣದಲ್ಲಿ 1,349 ರೂಪಾಯಿ. ಯಂತ್ರವೇ ದಶಾಂಶ ತೋರಿಸುವಾಗ ಅದನ್ನು ಕೈಬಿಡಲು ಯಾವ ಕಾರಣವೂ ಇಲ್ಲ.

17.6 ಎಂಬುದೂ ನಿಜವೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಯಂತ್ರಗಳು ಕಾಳಿನ ವಿದ್ಯುತ್ ಗುಣವನ್ನು ಅಳೆದು ಅದರಿಂದ ತೇವಾಂಶವನ್ನು ಅಂದಾಜಿಸುತ್ತವೆ. ಕಾಳು ಬಿಸಿಲಿನಿಂದ ಬಂದು ಬಿಸಿಯಾಗಿದ್ದರೆ, ಯಂತ್ರದಲ್ಲಿ ಬೇರೆ ಬೆಳೆಯ ಗುರುತು ಇದ್ದರೆ, ಬಟ್ಟಲು ತುಂಬಿದ ಒತ್ತಡ ಹೆಚ್ಚುಕಡಿಮೆಯಾದರೆ ಅಂಕಿ ಸರಿಯುತ್ತದೆ. ಪ್ರಯೋಗಾಲಯದಲ್ಲಿ ಮೆಕ್ಕೆಜೋಳದ ಇಡೀ ಕಾಳನ್ನು 103 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 72 ಗಂಟೆ ಒಣಗಿಸಿ ತೂಗುವ ವಿಧಾನವಿದೆ, ಯಂತ್ರಗಳನ್ನು ಸರಿಪಡಿಸುವುದು ಅಂಥ ವಿಧಾನದ ಆಧಾರದ ಮೇಲೆ. ಗೋದಾಮಿನ ಬಾಗಿಲಲ್ಲಿ ಅದು ಆಗುವ ಕೆಲಸವಲ್ಲ. ಯಂತ್ರಕ್ಕಿಂತ ದೊಡ್ಡ ಅನುಮಾನ ಮಾದರಿಯದ್ದು: 170 ಚೀಲಗಳಲ್ಲಿ ಮೂರರಿಂದ, ಅದೂ ಲಾರಿಯ ಹಿಂಬಾಗಿಲಿನ ಪಕ್ಕದ ಚೀಲಗಳಿಂದ ಕಾಳು ತೆಗೆದಿದ್ದರು. ರಾತ್ರಿಯ ಇಬ್ಬನಿ ಹೆಚ್ಚು ತಾಕುವುದು ಅಲ್ಲಿಗೇ. ಆದರೆ ಇದನ್ನು ಪ್ರಶ್ನಿಸಲು ರೈತರ ಬಳಿ ಅದೇ ಮಾಲಿನ ಮಾದರಿ ಇರಬೇಕಿತ್ತು. ಲೋಡು ಮಾಡುವಾಗ ಬೇರೆ ಬೇರೆ ಚೀಲಗಳಿಂದ ಹಿಡಿ ಹಿಡಿ ತೆಗೆದು, ಗಾಳಿಯಾಡದಂತೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಒಂದು ಕೆಜಿಯಷ್ಟು ಕಾಳು ಇಟ್ಟುಕೊಂಡಿದ್ದರೆ, ಅದನ್ನು ಬೇರೆ ಯಂತ್ರದಲ್ಲಿ ಅಳೆಸಬಹುದಿತ್ತು. ಮನೆಯಲ್ಲಿ ಉಳಿದ ಮೆಕ್ಕೆಜೋಳವನ್ನು ಈಗ ಅಳೆಸಿ ತರುತ್ತೇನೆ ಎಂದರು ರೈತರು, ನಾನು ಬೇಡವೆಂದೆ. ನಾಲ್ಕು ದಿನ ಬಿಸಿಲು ಕಂಡ ಕಾಳು ಆ ದಿನದ ಲಾರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅವರ ಮೂಲ ಅನುಮಾನವನ್ನು ಹೀಗೆ ಪಕ್ಕಕ್ಕಿಟ್ಟು, ಗೋದಾಮಿನ ಹುಡುಗನೇ ಬರೆದ ಅಂಕಿಗಳಿಂದ ಬಂದ 17.6ನ್ನು ಒಪ್ಪಿಕೊಂಡು ಲೆಕ್ಕ ಮಾಡಿದೆವು.

ಒಣಗಿಸುವ ಖರ್ಚಿನ 2,010 ರೂಪಾಯಿ

100.5 ಕ್ವಿಂಟಲ್‌ಗೆ ಇಪ್ಪತ್ತು ರೂಪಾಯಿಯಂತೆ ಈ ಮೊತ್ತ ಬಂದಿದೆ. ತೇವವಿರುವ ಮಾಲನ್ನು ಒಣಗಿಸಲು ಖರೀದಿದಾರರಿಗೆ ಖರ್ಚು ಬರುತ್ತದೆ, ಅದನ್ನು ಕೇಳುವುದು ತಪ್ಪಲ್ಲ. ಆದರೆ ಅದನ್ನು ಕೇಳುವ ದಾರಿ ಎರಡು. ನೀರಿನ ತೂಕವನ್ನಷ್ಟೇ ಸೂತ್ರದಂತೆ ಕಳೆದು, ಒಣಗಿಸುವ ಖರ್ಚನ್ನು ಬೇರೆ ಸಾಲಿನಲ್ಲಿ ಹಾಕುವುದು ಒಂದು. ಒಂದಕ್ಕೆ ಒಂದೂವರೆ ಕಳೆದು, ಬೇರೆ ಏನೂ ಕೇಳದಿರುವುದು ಇನ್ನೊಂದು. ಈ ಚೀಟಿ ಎರಡನ್ನೂ ಮಾಡಿದೆ.

ಎರಡೂ ದಾರಿಯಲ್ಲಿ ಲೆಕ್ಕ ಮಾಡಿ ನೋಡಿದಾಗ ವಿಷಯ ತಿಳಿಯಾಯಿತು. ಒಂದೂವರೆಯ ದಾರಿಯಲ್ಲಿ 3.6 ಅಂಶಕ್ಕೆ ಶೇ. 5.4 ಕಳೆದರೆ 10,220 ಕೆಜಿಯಲ್ಲಿ ಉಳಿಯುವುದು 9,668.12 ಕೆಜಿ. ಅದರ ಬೆಲೆ 2,12,698.64, ಹಮಾಲಿ ಮತ್ತು ಕಾಟಾ ಸೇರಿ 1,510 ಕಳೆದರೆ 2,11,188.64 ರೂಪಾಯಿ. ಸೂತ್ರದ ದಾರಿಯಲ್ಲಿ ಉಳಿಯುವ ತೂಕ 9,792.19 ಕೆಜಿ, ಬೆಲೆ 2,15,428.09, ಒಣಗಿಸುವ ಖರ್ಚು 102.2 ಕ್ವಿಂಟಲ್‌ಗೆ 2,044, ಹಮಾಲಿ ಮತ್ತು ಕಾಟಾ 1,510 ಕಳೆದರೆ 2,11,874.09 ರೂಪಾಯಿ.

ಎರಡರ ನಡುವೆ ಇರುವುದು ಏಳುನೂರು ರೂಪಾಯಿಯೊಳಗಿನ ಅಂತರ. ಬೇರೆ ಮಾತಿನಲ್ಲಿ, ಒಂದೂವರೆಯ ಪ್ರಮಾಣದಲ್ಲಿ ಖರೀದಿದಾರರು 124 ಕೆಜಿ ಕಾಳಿನ ರೂಪದಲ್ಲಿ ಸುಮಾರು 2,730 ರೂಪಾಯಿಯ ಒಣಗಿಸುವ ಖರ್ಚನ್ನು ಆಗಲೇ ಪಡೆದಾಗಿತ್ತು. ಅದರ ಮೇಲೆ ಮತ್ತೆ 2,010 ಹಾಕಿದ್ದರು. ಪ್ರಮಾಣದ ಬಗ್ಗೆ ಮೊದಲೇ ಒಪ್ಪಂದವಿರಲಿಲ್ಲವಾದ್ದರಿಂದ ಒಂದೂವರೆ ಸರಿಯಲ್ಲ ಎಂದು ಹಟ ಹಿಡಿಯುವುದು ನನಗೆ ಸರಿ ಕಾಣಲಿಲ್ಲ. ಖರೀದಿದಾರರ ಪದ್ಧತಿಯನ್ನೇ ಒಪ್ಪಿ, ಅದರೊಳಗೇ ಎರಡು ಬಾರಿ ಕಳೆದಿರುವುದನ್ನು ತೋರಿಸುವುದು ಹೆಚ್ಚು ಗಟ್ಟಿಯಾದ ವಾದ. ಹಾಗಾಗಿ ರೈತರು ಕೇಳಬೇಕಾದ ಮೊತ್ತವನ್ನು 2,11,188 ರೂಪಾಯಿ 64 ಪೈಸೆ ಎಂದು ನಿಗದಿ ಮಾಡಿಕೊಂಡೆವು. ಚೀಟಿಯ ಮೊತ್ತಕ್ಕೂ ಇದಕ್ಕೂ ವ್ಯತ್ಯಾಸ 6,874.64: ಚೀಲದಿಂದ 3,515.60, ಒಣಗಿಸುವ ಖರ್ಚಿನಿಂದ 2,010, ದಶಾಂಶ ಏರಿಸಿದ್ದರಿಂದ 1,349.04.

ಹಮಾಲಿ ಚೀಲಕ್ಕೆ ಎಂಟು ರೂಪಾಯಿಯಂತೆ ಇತ್ತು, ಅದು ಮೊದಲೇ ಗೊತ್ತಿದ್ದದ್ದು. ದಲ್ಲಾಳಿ ಕಮಿಷನ್ ಎಂಬ ಸಾಲು ಈ ಚೀಟಿಯಲ್ಲಿ ಇರಲಿಲ್ಲ. ಎಪಿಎಂಸಿ ಪ್ರಾಂಗಣದಲ್ಲಿ ಮಾರಿದ ಮಾಲಿಗಾದರೆ ಕರ್ನಾಟಕದಲ್ಲಿ ಕಮಿಷನ್ ಭರಿಸಬೇಕಾದವರು ಕೊಳ್ಳುವವರು, ರೈತರ ಪಟ್ಟಿಯಲ್ಲಿ ಅದು ಕಂಡರೆ ಅಲ್ಲಿಗೇ ಕೇಳಬೇಕು.

ಗೋದಾಮಿನಲ್ಲಿ ನಡೆದದ್ದು

ರೈತರೂ ನಾನೂ ಚೀಟಿ, ಗೇಟ್ ಪಾಸ್ ಮತ್ತು ಕಟ್ಟಿದ ಹತ್ತು ಚೀಲ ತೆಗೆದುಕೊಂಡು ಹೋದೆವು. ಗುಮಾಸ್ತರ ಮೊದಲ ಉತ್ತರ ನಿರೀಕ್ಷಿಸಿದ್ದೇ ಆಗಿತ್ತು: "ಚೀಲಕ್ಕ ಒಂದ್ ಕೆಜಿ ನಮ್ಮಲ್ಲಿ ಮೊದ್ಲಿಂದ್ಲೂ ಐತ್ರೀ ಯಜಮಾನ್ರ, ಎಲ್ಲಾರಿಗೂ ಹಿಂಗ ಹಾಕ್ತೀವಿ." ರೈತರು ಕೇಳಿದ್ದು ಒಂದೇ ಪ್ರಶ್ನೆ: "ಚೀಲ ನಾ ವಾಪಸ್ ಒಯ್ದೀನಲ್ರೀ, ಖಾಲಿ ಲಾರಿ ತೂಗಿದಾಗ ಅವು ಲಾರಿಯಾಗ ಇದ್ದೂವು. ಮತ್ತೊಮ್ಮೆ ಯಾಕ ಕಳೀತೀರಿ?" ಗುಮಾಸ್ತರು ಗೇಟ್ ಪಾಸಿನ ಸಮಯ ನೋಡಿದರು, ಒಳಗೆ ಹೋಗಿ ಸಾವುಕಾರರನ್ನು ಕೇಳಿ ಬಂದರು, ಚೀಲದ ಸಾಲನ್ನು ತೆಗೆಯಲು ಒಪ್ಪಿದರು. ಅವರ ಮಾತಿನಲ್ಲಿ ವಂಚನೆಯ ಉದ್ದೇಶ ನನಗೆ ಕಾಣಲಿಲ್ಲ. ಚೀಲದ ಸಮೇತ ಮಾಲು ಇಳಿಸಿಕೊಳ್ಳುವ ದಿನಗಳಲ್ಲಿ ಕಂಪ್ಯೂಟರಿಗೆ ಹಾಕಿದ ಅಂಕಿ, ಚೀಲ ಮರಳಿಸುವ ಲಾರಿಗಳಿಗೂ ತಾನಾಗಿಯೇ ಬೀಳುತ್ತಿತ್ತು. ಆದರೆ ಹಾಗೆ ಬಿದ್ದ ಲಾರಿಗಳು ಆ ಹಂಗಾಮಿನಲ್ಲಿ ಎಷ್ಟಿರಬಹುದು ಎಂಬುದು ಬೇರೆ ಪ್ರಶ್ನೆ, ಅದನ್ನು ಅಲ್ಲಿ ಯಾರೂ ಎತ್ತಲಿಲ್ಲ.

ಒಣಗಿಸುವ ಖರ್ಚಿನ ಬಗ್ಗೆ ವಾದ ಸ್ವಲ್ಪ ಹೆಚ್ಚೇ ನಡೆಯಿತು. ಒಂದೂವರೆ ಕಳೆಯುವುದು ನೀರಿಗೆ, ಕೂಲಿ ಬೇರೆ ಎಂಬುದು ಅವರ ನಿಲುವು. ಹದಿನೆಂಟರಿಂದ ಹದಿನಾಲ್ಕಕ್ಕೆ ಇಳಿದಾಗ ನೂರು ಕೆಜಿಯಲ್ಲಿ 4.65 ಕೆಜಿ ಮಾತ್ರ ಇಳಿಯುತ್ತದೆ, ಆರು ಕೆಜಿ ಇಳಿಯುವುದಿಲ್ಲ ಎಂಬುದನ್ನು ಕಾಗದದ ಮೇಲೆ ಮಾಡಿ ತೋರಿಸಿದೆ. ತಾವೇ ಒಣಗಿಸಿ ತೂಗಿದ ಮಾಲಿನ ಲೆಕ್ಕ ಅವರ ಬಳಿಯೇ ಇತ್ತು, ಅದಕ್ಕೆ ಹೋಲಿಸಿ ನೋಡಿ ಎಂದು ಕೇಳಿದೆ. ಹೋಲಿಸಿ ನೋಡಿದರೋ ಇಲ್ಲವೋ ತಿಳಿಯದು, 2,010 ಮಾತ್ರ ಬಿಟ್ಟರು.

ದಶಾಂಶದ ವಿಷಯದಲ್ಲಿ ಅವರು ಬಗ್ಗಲಿಲ್ಲ. ಅರ್ಧಕ್ಕಿಂತ ಮೇಲಿದ್ದರೆ ಮೇಲಿನ ಅಂಕಿ, ಕೆಳಗಿದ್ದರೆ ಕೆಳಗಿನ ಅಂಕಿ, ಇದು ಎಲ್ಲ ಲಾರಿಗೂ ಒಂದೇ ಎಂದರು. 17.4 ಬಂದಿದ್ದರೆ 17 ಎಂದೇ ಹಿಡಿಯುತ್ತಿದ್ದೆವು ಎಂಬುದು ಅವರ ಸಮರ್ಥನೆ. ಅದು ನಿಜವಾಗಿದ್ದರೆ ಒಟ್ಟಾರೆ ಪದ್ಧತಿಯಲ್ಲಿ ಪಕ್ಷಪಾತವಿಲ್ಲ ಎಂದು ಒಪ್ಪಬೇಕಾಗುತ್ತದೆ. ನಿಜವೇ ಎಂದು ತಿಳಿಯಲು ಬೇರೆಯವರ ಚೀಟಿಗಳು ಬೇಕಿದ್ದವು, ಅವು ನಮ್ಮಲ್ಲಿರಲಿಲ್ಲ. ರೈತರು 1,349 ರೂಪಾಯಿಯನ್ನು ಅಲ್ಲಿಗೇ ಬಿಟ್ಟರು.

ಹಳೆಯ ಚೀಟಿಯ ಮೇಲೆ ಪೆನ್ನಿನಲ್ಲಿ ತಿದ್ದಿ ಸಹಿ ಹಾಕಿ ಕೊಡಲು ಬಂದಾಗ ನಾವು ಒಪ್ಪದೆ ಹೊಸ ಚೀಟಿ ಕೇಳಿದೆವು. ಬ್ಯಾಂಕಿಗೆ ಬರುವ ಮೊತ್ತ ಅವರ ಕಂಪ್ಯೂಟರಿನ ಲೆಕ್ಕದಿಂದಲೇ ಹೊರಡುವುದರಿಂದ, ಕಾಗದದಲ್ಲಿ ತಿದ್ದಿ ಕಂಪ್ಯೂಟರಿನಲ್ಲಿ ತಿದ್ದದೆ ಉಳಿದರೆ ಹಳೆಯ ಹಣವೇ ಜಮೆಯಾಗುತ್ತದೆ. ಹೊಸ ಚೀಟಿಯಲ್ಲಿ ನಿವ್ವಳ 10,220, ಚೀಲ ಸೊನ್ನೆ, ತೇವ 18ಕ್ಕೆ ಕಡಿತ 613.2, ಲೆಕ್ಕದ ತೂಕ 9,606.8 ಕೆಜಿ, ಹಮಾಲಿ ಮತ್ತು ಕಾಟಾ ಕಳೆದು ಕೊಡಬೇಕಾದ ಹಣ 2,09,839 ರೂಪಾಯಿ 60 ಪೈಸೆ ಎಂದು ಬಂತು. ಚೀಲದ 170 ಕೆಜಿ ಮರಳಿ ಸೇರಿದ್ದರಿಂದ ತೇವಾಂಶದ ಕಡಿತ ಹತ್ತು ಕೆಜಿ ಏರಿದ್ದನ್ನು ಕಂಡು ರೈತರು ಒಮ್ಮೆ ಗಾಬರಿಯಾದರು. ಹೆಚ್ಚಿನ ತೂಕದ ಮೇಲೆ ಅದೇ ಶೇ. 6 ಎಂದು ವಿವರಿಸಬೇಕಾಯಿತು. ಮೊದಲ ಚೀಟಿಗಿಂತ 5,525 ರೂಪಾಯಿ 60 ಪೈಸೆ ಹೆಚ್ಚು ಅವರ ಖಾತೆಗೆ ಜಮೆಯಾಯಿತು.

ಉಳಿದ ಮೆಕ್ಕೆಜೋಳವನ್ನು ಜನವರಿಯಲ್ಲಿ ಅದೇ ಗೋದಾಮಿಗೆ ಕೊಟ್ಟರು. ಈ ಬಾರಿ ಲಾರಿಯ ಬಾಗಿಲು ತೆರೆಯುವ ಮೊದಲೇ ಗೇಟ್ ಪಾಸಿನ ಮೇಲೆ ನಾಲ್ಕು ಮಾತು ಬರೆಸಿಕೊಂಡರು: ಹದಿನಾಲ್ಕರ ಮೇಲೆ ಒಂದಕ್ಕೆ ಒಂದೂವರೆ, ದಶಾಂಶ ಇದ್ದ ಹಾಗೆ, ಒಣಗಿಸುವ ಖರ್ಚು ಇಲ್ಲ, ಚೀಲ ವಾಪಸ್ ಆದ್ದರಿಂದ ಚೀಲದ ಕಡಿತ ಇಲ್ಲ. ಗುಮಾಸ್ತರು ದಶಾಂಶದ ಮಾತನ್ನು ಸಾವುಕಾರರನ್ನು ಕೇಳದೆಯೇ ಬರೆದುಕೊಟ್ಟರಂತೆ. ಚೀಟಿಯಲ್ಲಿ ತೇವಾಂಶ 15.7 ಎಂದೇ ಬಂದಿತ್ತು.